ಒಂದು ಪುಸ್ತಕ, 254 ಜನ, 32 ದಿನ: ನಮ್ಮ ಕ್ರೌಡ್‌ಫಂಡಿಂಗ್‌ನ ಪೂರ್ತಿ ಲೆಕ್ಕ

ಮಂಡ್ಯ ಕಡೆ ಮದುವೆಗೆ ಹೋಗಿದ್ದರೆ ನೋಡಿರುತ್ತೀರಿ. ಮಂಟಪದ ಪಕ್ಕ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಯಾರು ಎಷ್ಟು ಮುಯ್ಯಿ ಹಾಕಿದರು ಅಂತ ಹೆಸರು, ಊರು, ಮೊತ್ತ ಬರೆದುಕೊಳ್ಳುತ್ತಾರೆ. ಕ್ರೌಡ್‌ಫಂಡಿಂಗ್ ಅಂದರೆ ಹೆಚ್ಚುಕಡಿಮೆ ಇದೇ. ನಾಲ್ಕು ಜನ ಕೈ ಹಾಕಿದರೆ ಕೆಲಸ ಆಗುತ್ತದೆ, ಹಾಕಿದವರು ಯಾರು ಅಂತ ನೀವು ಮರೆಯುವ ಹಾಗಿಲ್ಲ, ಅವರಂತೂ ಮರೆಯೋದಿಲ್ಲ.

ನಾನು ಮತ್ತು ಮೈಸೂರಿನ ಇಬ್ಬರು ಗೆಳೆಯರು ಸೇರಿ ಆಲೆಮನೆಗಳ ಬಗ್ಗೆ ಒಂದು ಪುಸ್ತಕ ಮಾಡಿದೆವು. 160 ಪುಟ, ಅದರಲ್ಲಿ 16 ಪುಟ ಬಣ್ಣದ ಫೋಟೊ, 500 ಪ್ರತಿ. ದುಡ್ಡು ಬಂತು. ಆದರೆ ಎರಡು ಕಡೆ ಚೆನ್ನಾಗಿ ಎಡವಿದೆವು. ಆ ಲೆಕ್ಕವನ್ನೇ ಮುಂದಿಟ್ಟು ಹೇಳುತ್ತೇನೆ. ಕಿರುಚಿತ್ರ ಮಾಡುವವರಿಗೆ ಎಲ್ಲಿ ಬೇರೆ ಆಗುತ್ತದೆ ಅನ್ನೋದು ಕೊನೆಯ ಹತ್ತಿರ ಇದೆ.

ಮೊದಲು: ಕೇಳಬೇಕಾದ ಮೊತ್ತ ಎಷ್ಟು?

ಎಲ್ಲರೂ ಮಾಡುವ ತಪ್ಪು ಇದು. ಪ್ರೆಸ್‌ನವರು ಕೊಟ್ಟ ಕೊಟೇಶನ್ ನೋಡಿ ಅದನ್ನೇ ಗುರಿ ಅಂತ ಹಾಕಿಬಿಡುತ್ತಾರೆ. ನಮ್ಮ ಖರ್ಚು ಹೀಗಿತ್ತು: ಮುದ್ರಣ 52,000, ಪುಟವಿನ್ಯಾಸ 12,000, ಮುಖಪುಟದ ಚಿತ್ರ 6,000, ಫೋಟೊ ತೆಗೆಯೋಕೆ ಓಡಾಟ 6,000, ಕರಡು ತಿದ್ದಿದವರಿಗೆ 4,000. ಒಟ್ಟು 80,000. ಅದರ ಮೇಲೆ ಅಕಸ್ಮಾತ್ ಬರುವ ಖರ್ಚಿಗೆ ಅಂತ ಐದು ಪರ್ಸೆಂಟ್, 4,000 ಇಟ್ಟೆವು. 84,000 ಆಯಿತು.

ಆದರೆ 84,000 ಕೇಳಿದರೆ ನಿಮಗೆ 84,000 ಉಳಿಯೋದಿಲ್ಲ. ದುಡ್ಡು ಕೊಟ್ಟ ಪ್ರತಿಯೊಬ್ಬರಿಗೂ ಏನೋ ಕಳಿಸಬೇಕು, ಅದಕ್ಕೆ ರಿವಾರ್ಡ್ ಅನ್ನುತ್ತಾರೆ. ಪ್ಯಾಕಿಂಗ್, ಅಂಚೆ, ಆನ್‌ಲೈನ್‌ನಲ್ಲಿ ದುಡ್ಡು ತೆಗೆದುಕೊಂಡು ನಮಗೆ ತಲುಪಿಸುವ ಪೇಮೆಂಟ್ ಗೇಟ್‌ವೇಯವರ ಕಡಿತ ಎಲ್ಲ ಆ ದುಡ್ಡಿನಿಂದಲೇ ಹೋಗುತ್ತದೆ. ಗೇಟ್‌ವೇಗಳು ಸಾಮಾನ್ಯವಾಗಿ 2 ಪರ್ಸೆಂಟ್, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಹಿಡಿಯುತ್ತವೆ. ಅಂದರೆ ನೂರಕ್ಕೆ 2 ರೂಪಾಯಿ 36 ಪೈಸೆ. ಅದು ಚಿಕ್ಕದು. ನಿಜವಾಗಿ ತಿನ್ನೋದು ಅಂಚೆ ಮತ್ತು ಪ್ಯಾಕಿಂಗ್.

ಬಂದ ನೂರು ರೂಪಾಯಿಯಲ್ಲಿ ಪುಸ್ತಕದ ಕೆಲಸಕ್ಕೆ 70 ಉಳಿಯಬಹುದು ಅಂತ ನಾವು ಅಂದಾಜು ಮಾಡಿದೆವು. 84,000ವನ್ನು 0.7ರಿಂದ ಭಾಗಿಸಿದರೆ 1,20,000. ಅದೇ ನಮ್ಮ ಗುರಿ. ನಿಮ್ಮ 70 ಬೇರೆ ಇರಬಹುದು, ಅದು ರಿವಾರ್ಡ್‌ಗಳ ಮೇಲೆ ನಿಂತಿದೆ. ಹಾಗಾಗಿ ರಿವಾರ್ಡ್ ಲೆಕ್ಕ ಮುಗಿಯುವ ತನಕ ಗುರಿ ಎಷ್ಟು ಅಂತ ಯಾರಿಗೂ ಹೇಳಬೇಡಿ.

ರಿವಾರ್ಡ್ ಹಂತಗಳು: ಕೊಟ್ಟ ಮೇಲೆ ಕೈಯಲ್ಲಿ ಉಳಿಯೋದು ಎಷ್ಟು?

ಪ್ರತಿ ಹಂತಕ್ಕೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇವರಿಗೆ ಕೊಡಬೇಕಾದ್ದು ತಲುಪಿಸಿದ ಮೇಲೆ ನನ್ನ ಹತ್ತಿರ ಎಷ್ಟು ಉಳಿಯಿತು? 500 ಪ್ರತಿಯ ಮುದ್ರಣದ ಖರ್ಚು ಆಗಲೇ ಗುರಿಯೊಳಗೆ ಇದೆಯಲ್ಲ, ಅದನ್ನು ಇಲ್ಲಿ ಮತ್ತೆ ಕಳೆಯಬೇಡಿ.

ನಮ್ಮ ಮುಖ್ಯ ಹಂತ 350 ರೂಪಾಯಿದು. ಒಂದು ಪ್ರತಿ, ಮನೆ ಬಾಗಿಲಿಗೆ. ಅಂಚೆ ಮತ್ತು ಕವರ್ ಸೇರಿ 90, ಗೇಟ್‌ವೇ 8. ಉಳಿದದ್ದು 252. ಚೆನ್ನಾಗಿದೆ. ಇದರ ಕೆಳಗೆ 100 ರೂಪಾಯಿಯ ಹಂತ ಇತ್ತು. ಅದಕ್ಕೆ ಪುಸ್ತಕ ಇಲ್ಲ, ಕೊನೆಯ ಪುಟದಲ್ಲಿ ಹೆಸರು ಮಾತ್ರ. ಕಾಲೇಜು ಹುಡುಗರು, ಸುಮ್ನೆ ನಮ್ಮ ಮೇಲಿನ ಪ್ರೀತಿಗೆ ಕೊಡುವವರು ಇದನ್ನು ತೆಗೆದುಕೊಂಡರು. ಖರ್ಚೇ ಇಲ್ಲದ ಹಂತ ಇದು, ಆದರೆ ದುಡ್ಡು ಜಾಸ್ತಿ ಬರೋದಿಲ್ಲ. 800 ರೂಪಾಯಿಗೆ ಎರಡು ಪ್ರತಿ: ಒಂದು ನಿಮಗೆ, ಒಂದು ನೀವು ಓದಿದ ಊರಿನ ಶಾಲೆಗೆ, ನಿಮ್ಮ ಹೆಸರು ಬರೆದು. ಬೆಂಗಳೂರಲ್ಲಿ ಕೆಲಸದಲ್ಲಿರುವ ನಮ್ಮ ಕಡೆಯವರು 25 ಜನ ಇದನ್ನೇ ಆರಿಸಿಕೊಂಡರು. ಅವರಲ್ಲಿ ಕೆಲವರಿಗೆ ತಮ್ಮ ಪ್ರತಿಗಿಂತ ಶಾಲೆಗೆ ಹೋದ ಪ್ರತಿಯ ಫೋಟೊ ಬೇಕಿತ್ತು!

ಈಗ ಎಡವಿದ ಜಾಗಕ್ಕೆ ಬರೋಣ. 600 ರೂಪಾಯಿಗೆ ಪುಸ್ತಕದ ಜೊತೆ ಒಂದು ಕೆಜಿ ಅಚ್ಚು ಬೆಲ್ಲ. ಆಲೆಮನೆ ಪುಸ್ತಕ, ಆಲೆಮನೆ ಬೆಲ್ಲ. ಹೇಳೋಕೆ ಎಷ್ಟು ಚೆಂದ ಅಲ್ವಾ? ನಲವತ್ತು ಜನ ತೆಗೆದುಕೊಂಡರು. ಬೆಲ್ಲಕ್ಕೆ 80, ರಟ್ಟಿನ ಡಬ್ಬ ಮತ್ತು ಸುತ್ತುವ ಸಾಮಾನಿಗೆ 45, ಕೊರಿಯರ್‌ಗೆ 150, ಗೇಟ್‌ವೇಗೆ 14. ಉಳಿದದ್ದು 311. ಅಂದರೆ ಆ ಮನುಷ್ಯರು 350ರ ಹಂತಕ್ಕಿಂತ 250 ರೂಪಾಯಿ ಜಾಸ್ತಿ ಕೊಟ್ಟರು, ಅದರಲ್ಲಿ ನಮಗೆ ಸಿಕ್ಕಿದ್ದು 59 ರೂಪಾಯಿ. ಅಷ್ಟಕ್ಕೆ ಮೂರು ರಾತ್ರಿ ಕೂತು ಡಬ್ಬ ಕಟ್ಟಿದೆವು.

ಅದೂ ಉಳಿಯಲಿಲ್ಲ. ಪುಸ್ತಕ ತಡವಾಯಿತು, ಡಬ್ಬಗಳು ಹೊರಟಿದ್ದು ಜೂನ್‌ನಲ್ಲಿ. ಮಳೆಗಾಲದ ಗಾಳಿಗೆ ಬೆಲ್ಲ ನೀರು ಎಳೆದುಕೊಳ್ಳುತ್ತದೆ, ಪ್ಲಾಸ್ಟಿಕ್ ಚೀಲದೊಳಗೆ ಬೆವರುತ್ತದೆ. ಉಡುಪಿಯಿಂದ ಒಬ್ಬರು ಫೋಟೊ ಕಳಿಸಿದರು. ಡಬ್ಬದ ತಳ ಒದ್ದೆ. ಬೆಲ್ಲ ಅಚ್ಚಿನ ಆಕಾರ ಬಿಟ್ಟು ಮುದ್ದೆ ಆಗಿದೆ. ಪುಸ್ತಕದ ಒಂದು ಮೂಲೆ ಆ ರಸ ಕುಡಿದು ಉಬ್ಬಿ, ಫೋಟೊ ಪುಟಗಳು ಒಂದಕ್ಕೊಂದು ಅಂಟಿಕೊಂಡಿವೆ. ಇರುವೆಗಳು ಬೇರೆ. ಇಂಥವು ಒಂಬತ್ತು ಬಂದವು. ಒಂಬತ್ತಕ್ಕೂ ಹೊಸ ಡಬ್ಬ ಕಳಿಸಿದೆವು, ಒಂದಕ್ಕೆ 275ರಂತೆ 2,475. ನಲವತ್ತು ಜನರಿಂದ ಬೆಲ್ಲದ ಲೆಕ್ಕದಲ್ಲಿ ಸಿಕ್ಕ ಹೆಚ್ಚುವರಿ 59ರಂತೆ 2,360. ಬೆಲ್ಲ ಕಟ್ಟಿ 115 ರೂಪಾಯಿ ಕಳೆದುಕೊಂಡೆವು.

ಮೇಲಿನ ಹಂತಕ್ಕೆ ಇನ್ನೊಂದು ಸಾಮಾನು ಸೇರಿಸಬೇಡಿ ಅಂತ ನಾನು ಹೇಳೋದು ಇದಕ್ಕೇ. ಮಗ್, ಟೀ ಶರ್ಟು, ಬ್ಯಾಗು ಎಲ್ಲದರ ಕಥೆಯೂ ಹೀಗೆಯೇ: ತೂಕ ಇದೆ, ಒಡೆಯುತ್ತದೆ, ಸೈಜು ತಪ್ಪುತ್ತದೆ. ಸೇರಿಸಬೇಕಾದ್ದು ತೂಕ ಇಲ್ಲದ್ದು. ನಮ್ಮಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಗೆದ್ದದ್ದು 2,000 ರೂಪಾಯಿಯ ಹಂತ: ಒಂದು ಭಾನುವಾರ ಬೆಳಿಗ್ಗೆ ಮಂಡ್ಯ ಹತ್ತಿರದ ಆಲೆಮನೆಗೆ ಕರೆದುಕೊಂಡು ಹೋಗಿ, ಗಾಣದಿಂದ ಬಂದ ಕಬ್ಬಿನ ಹಾಲು ಕುಡಿಸಿ, ಕೊಪ್ಪರಿಗೆಯಿಂದ ಬಿಸಿ ಪಾಕ ಎಲೆಗೆ ಹಾಕಿಸಿ, ಅಲ್ಲೇ ಪುಸ್ತಕ ಕೈಗೆ ಕೊಡೋದು. ಊಟಕ್ಕೆ ತಲೆಗೆ 200, ಗೇಟ್‌ವೇ 47. ಉಳಿದದ್ದು 1,753. ಅಂಚೆ ಇಲ್ಲ, ಡಬ್ಬ ಇಲ್ಲ. ಹನ್ನೆರಡೇ ಜನ ಅಂತ ಮಿತಿ ಹಾಕಿದ್ದೆವು, ಎರಡನೇ ದಿನವೇ ತುಂಬಿತು. ಹನ್ನೆರಡು ಯಾಕೆ ಅಂದರೆ ಆಲೆಮನೆಯವರು "ಇದಕ್ಕಿಂತ ಜಾಸ್ತಿ ಜನ ಬಂದ್ರೆ ಪಾಕ ಕೆಟ್ಟೋಯ್ತದೆ ಕಣಣ್ಣ, ಕೆಲ್ಸ ಮಾಡಕ್ಕಾಗಲ್ಲ" ಅಂದರು. ಅವರ ಮಾತೇ ಮಿತಿ.

5,000ದ ಹಂತದಲ್ಲಿ ಹತ್ತು ಪ್ರತಿ, ಜೊತೆಗೆ ನಿಮ್ಮ ಕಾಲೇಜು ಅಥವಾ ಸಂಘಕ್ಕೆ ನಾವೇ ಬಂದು ಒಂದು ಮಾತುಕತೆ. ಎರಡು ಹೋದವು. ಹಂತಗಳು ಆರು ಸಾಕು. ಜಾಸ್ತಿ ಇಟ್ಟರೆ ಜನ ಆರಿಸೋಕೆ ಆಗದೆ "ಆಮೇಲೆ ನೋಡೋಣ" ಅಂತ ಫೋನ್ ಕೆಳಗಿಡುತ್ತಾರೆ.

ಯಾವಾಗ ಶುರು ಮಾಡೋದು?

ನಮ್ಮ ಕಡೆ ಕ್ಯಾಲೆಂಡರ್ ನೋಡದೆ ದುಡ್ಡು ಕೇಳಬಾರದು. ಆಷಾಢದಲ್ಲಿ ಜನ ಹೊಸದಕ್ಕೆ ಕೈ ಹಾಕೋದಿಲ್ಲ. ಮೇ, ಜೂನ್ ಶಾಲೆ ಫೀಸಿನ ಕಾಲ. ದಸರಾ ಹೊತ್ತಲ್ಲಿ ಮೈಸೂರಿನವರ ಮನೆ ತುಂಬಾ ನೆಂಟರು, ನಿಮ್ಮ ಮೆಸೇಜ್ ಯಾರೂ ತೆರೆಯೋದಿಲ್ಲ. ಮಾರ್ಚ್‌ನಲ್ಲಿ ಸಂಬಳದವರಿಗೆ ತೆರಿಗೆ ಕಡಿತ, ಮಕ್ಕಳಿರುವವರಿಗೆ ಪರೀಕ್ಷೆ. ರೈತರೇ ನಿಮ್ಮ ಓದುಗರಾಗಿದ್ದರೆ ಭತ್ತದ ಕೊಯ್ಲು ಮುಗಿದು ಸಂಕ್ರಾಂತಿ ಹೊತ್ತಿಗೆ ಕೇಳೋದು ಮೇಲು.

ನಮ್ಮ ಓದುಗರು ಬಹುತೇಕ ಮೇಷ್ಟ್ರು, ಸರ್ಕಾರಿ ನೌಕರರು, ಐಟಿಯವರು. ಹಾಗಾಗಿ ನವೆಂಬರ್ 3ರಿಂದ ಡಿಸೆಂಬರ್ 4ರ ತನಕ ಇಟ್ಟೆವು. ನವೆಂಬರ್‌ನಲ್ಲಿ ಕನ್ನಡ ಪುಸ್ತಕದ ಮಾತು ಎಲ್ಲ ಕಡೆ ಇರುತ್ತದೆ, ಆದರೆ 1ನೇ ತಾರೀಕು ಶುಭಾಶಯಗಳ ಪ್ರವಾಹದಲ್ಲಿ ನಿಮ್ಮದು ಮುಳುಗಿ ಹೋಗುತ್ತದೆ. ಅದಕ್ಕೇ ಎರಡು ದಿನ ಬಿಟ್ಟೆವು. ಇದಕ್ಕಿಂತ ದೊಡ್ಡ ಕಾರಣ ಬೇರೆ: ಈ 32 ದಿನದೊಳಗೆ ಎರಡು ಸಂಬಳ ಬರುತ್ತದೆ. ಶುರುವಿನಲ್ಲಿ ಒಂದು, ಮುಗಿಯುವಾಗ ಒಂದು.

ದುಡ್ಡು ಬಂದ ರೀತಿ ನೋಡಿ. ಮೊದಲ ನಾಲ್ಕು ದಿನದಲ್ಲಿ 44,000. ಆಮೇಲೆ ಇಪ್ಪತ್ತೆರಡು ದಿನದಲ್ಲಿ ಬರೀ 39,000. ಕೊನೆಯ ಆರು ದಿನದಲ್ಲಿ 45,000. ಕ್ರೌಡ್‌ಫಂಡಿಂಗ್‌ನಲ್ಲಿ ಸಾಮಾನ್ಯವಾಗಿ ಹೀಗೆಯೇ, ಎರಡು ತುದಿ ಎತ್ತರ, ನಡುವೆ ಹಳ್ಳ. ನಡುವೆ ದಿನಕ್ಕೆ 300 ರೂಪಾಯಿ ಬಂದ ದಿನಗಳೂ ಇದ್ದವು, ನನ್ನ ಗೆಳೆಯನಿಗೆ ನಿದ್ದೆ ಬರಲಿಲ್ಲ. ಆ ಹಳ್ಳವನ್ನು ನೋಡಿ ಕ್ಯಾಂಪೇನ್ ಅನ್ನು 60 ದಿನಕ್ಕೆ ಎಳೆಯಬೇಡಿ, ಹಳ್ಳ ಉದ್ದ ಆಗುತ್ತದೆ ಅಷ್ಟೇ. ಮೂವತ್ತರ ಆಸುಪಾಸು ಸಾಕು. ನಡುವಿನ ದಿನಗಳಿಗೆ ಅಂತ ಎರಡು ಮೂರು ಒಳ್ಳೆಯ ವಿಷಯ ಉಳಿಸಿಕೊಂಡಿರಿ. ನಾವು ಮುಖಪುಟವನ್ನು 15ನೇ ದಿನ ತೋರಿಸಿದೆವು, ಮೊದಲ ದಿನ ಅಲ್ಲ.

ಶುರುವಾಗುವ ಮೊದಲೇ ಮಾಡಬೇಕಾದ ಫೋನ್‌ಗಳು

ಮೊದಲ ನಾಲ್ಕು ದಿನದ 44,000 ತಾನಾಗಿ ಬರಲಿಲ್ಲ. ಅಕ್ಟೋಬರ್ ಕೊನೆಯ ಎರಡು ವಾರ ಮೂವರೂ ನಮ್ಮ ನಮ್ಮ ಫೋನಿನ ಕಾಂಟ್ಯಾಕ್ಟ್ ಪಟ್ಟಿ ತೆರೆದು, ಒಂದೊಂದೇ ಹೆಸರು ನೋಡಿ, ಖಂಡಿತ ಕೊಡುವವರು ಯಾರು, ಕೇಳಿದರೆ ಕೊಡುವವರು ಯಾರು ಅಂತ ಗುರುತು ಹಾಕಿಕೊಂಡೆವು. ಆಮೇಲೆ ಫೋನ್ ಮಾಡಿದೆವು. ಮೆಸೇಜ್ ಅಲ್ಲ, ಫೋನ್. "ಸರ್, 3ನೇ ತಾರೀಕು ಶುರು ಮಾಡ್ತಿದ್ದೀವಿ, ಅವತ್ತೇ ಹಾಕ್ತೀರಾ?" 62 ಜನ ಹೂಂ ಅಂದರು. ಮೊದಲ ನಾಲ್ಕು ದಿನದಲ್ಲಿ ಹಾಕಿದವರು 41. ಮೂರು ಜನ ಹೂಂ ಅಂದರೆ ಇಬ್ಬರು ಕೊಡುತ್ತಾರೆ ಅಂತ ಲೆಕ್ಕ ಇಟ್ಟುಕೊಳ್ಳಿ.

ಇದೇ ನಿಮ್ಮ ಪರೀಕ್ಷೆ ಕೂಡ. ಹೂಂ ಅಂದವರನ್ನು ಮೂರಕ್ಕೆ ಎರಡರಂತೆ ಲೆಕ್ಕ ಹಾಕಿದ ಮೇಲೂ ಗುರಿಯ ಮೂವತ್ತು ಪರ್ಸೆಂಟ್, ನಮ್ಮ ಲೆಕ್ಕದಲ್ಲಿ 36,000, ಬರುವ ಹಾಗೆ ಕಾಣದಿದ್ದರೆ ಶುರು ಮಾಡಬೇಡಿ. ಗುರಿ ಇಳಿಸಿ, 300 ಪ್ರತಿ ಮಾಡಿ, ಇಲ್ಲ ಎರಡು ತಿಂಗಳು ತಳ್ಳಿ. ಗೊತ್ತಿಲ್ಲದ ಜನ ಖಾಲಿ ಹುಂಡಿಗೆ ದುಡ್ಡು ಹಾಕೋದಿಲ್ಲ.

ವಾಟ್ಸಾಪ್‌ನ ಒಂದು ವಿಷಯ: ಬ್ರಾಡ್‌ಕಾಸ್ಟ್ ಲಿಸ್ಟ್‌ನಿಂದ ಕಳಿಸಿದ್ದು ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. ಉಳಿದವರಿಗೆ ತಲುಪಿಲ್ಲ ಅಂತ ನಿಮಗೆ ಬೇಗ ಗೊತ್ತೂ ಆಗೋದಿಲ್ಲ. ಗ್ರೂಪಿಗೆ ಹಾಕಿದರೆ ಹೂವಿನ ಇಮೋಜಿ ಬರುತ್ತದೆ, ದುಡ್ಡು ಬರೋದಿಲ್ಲ. ಹೆಸರು ಹಿಡಿದು ಒಬ್ಬೊಬ್ಬರಿಗೇ ಬರೆಯಿರಿ.

ದುಡ್ಡು ತೆಗೆದುಕೊಳ್ಳೋದು ಎಲ್ಲಿ?

ಅಮೆರಿಕದ ಕ್ರೌಡ್‌ಫಂಡಿಂಗ್ ತಾಣ ಕಿಕ್‌ಸ್ಟಾರ್ಟರ್‌ನಲ್ಲಿ ಭಾರತದಲ್ಲಿ ಕೂತು ಪ್ರಾಜೆಕ್ಟ್ ಶುರು ಮಾಡೋಕೆ ಆಗೋದಿಲ್ಲ. ಕೆಟ್ಟೊ, ಮಿಲಾಪ್ ಇವೆ, ಆದರೆ ಅಲ್ಲಿಗೆ ಬರುವ ಜನ ಆಸ್ಪತ್ರೆ ಖರ್ಚಿಗೆ ನೆರವಾಗೋಕೆ ಬರುವವರು, ನಿಮ್ಮ ಪುಸ್ತಕ ಹುಡುಕಿಕೊಂಡಲ್ಲ. ಒಂದೆರಡು ಲಕ್ಷದ ಕನ್ನಡದ ಕೆಲಸಕ್ಕೆ ಗೇಟ್‌ವೇಯ ಒಂದು ಪೇಮೆಂಟ್ ಪೇಜ್, ವಿಳಾಸ ತೆಗೆದುಕೊಳ್ಳೋಕೆ ಒಂದು ಗೂಗಲ್ ಫಾರ್ಮ್ ಸಾಕು. ನೇರ ಯುಪಿಐ ಕ್ಯೂಆರ್ ಇಟ್ಟರೆ ಕಡಿತ ಉಳಿಯುತ್ತದೆ, ಆದರೆ ಯಾರು ಏನಕ್ಕೆ ಕೊಟ್ಟರು ಅಂತ ಹುಡುಕೋದು ತಲೆನೋವು. ಕ್ಯೂಆರ್ ಇಡೋದಾದರೆ ಫಾರ್ಮ್‌ನಲ್ಲಿ 12 ಅಂಕಿಯ ಯುಪಿಐ ರೆಫರೆನ್ಸ್ ನಂಬರ್ ಕಡ್ಡಾಯ ಕೇಳಿ. ಹಂತಗಳ ಮೊತ್ತ ಒಂದಕ್ಕೊಂದು ಬೇರೆ ಇರಲಿ, ಸ್ಟೇಟ್‌ಮೆಂಟ್ ನೋಡಿದ ಕೂಡಲೇ ಗೊತ್ತಾಗುತ್ತದೆ.

ಇದಕ್ಕೇ ಅಂತ ಬೇರೆ ಖಾತೆ ತೆರೆಯಿರಿ. ನಿಮ್ಮ ಸಂಬಳದ ಖಾತೆಗೆ ಸೇರಿಸಬೇಡಿ. ಪ್ಲಾಟ್‌ಫಾರ್ಮ್ ಇಲ್ಲದಿದ್ದಾಗ ದುಡ್ಡು ವಾಪಸ್ ಕೊಡುವ ನಿಯಮವನ್ನೂ ನೀವೇ ಹಾಕಿಕೊಳ್ಳಬೇಕು. ನಾವು ಮೊದಲ ದಿನವೇ ಬರೆದಿದ್ದೆವು: ಡಿಸೆಂಬರ್ 4ಕ್ಕೆ ಗುರಿ ಮುಟ್ಟದಿದ್ದರೆ ಹತ್ತು ದಿನದೊಳಗೆ ಪೂರ್ತಿ ವಾಪಸ್, ಅಲ್ಲಿಯ ತನಕ ಒಂದು ರೂಪಾಯಿ ಮುಟ್ಟೋದಿಲ್ಲ. ವಾಪಸ್ ಕೊಡುವಾಗ ಗೇಟ್‌ವೇ ಹಿಡಿದ ಶುಲ್ಕ ನಿಮಗೆ ಬರೋದಿಲ್ಲ, ಅದು ನಿಮ್ಮ ಕೈಯಿಂದಲೇ ಅನ್ನೋದು ನೆನಪಿರಲಿ.

ಕಾಯ್ದೆಯ ವಿಷಯ ಮೂರೇ ಮಾತಲ್ಲಿ. ಲಾಭದಲ್ಲಿ ಪಾಲು ಕೊಡುತ್ತೇವೆ, ದುಡ್ಡು ಬೆಳೆಸಿ ಕೊಡುತ್ತೇವೆ ಅಂತ ಸಾರ್ವಜನಿಕರ ಹತ್ತಿರ ಕೇಳಬೇಡಿ. ಅದು ಷೇರು ಮಾರುಕಟ್ಟೆ ನಿಯಂತ್ರಿಸುವ ಸೆಬಿಯ ನಿಯಮಗಳಿಗೂ, 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಗೂ ಸಿಕ್ಕಿಹಾಕಿಕೊಳ್ಳುವ ದಾರಿ. ಪುಸ್ತಕಕ್ಕೆ ಪ್ರತಿಯಾಗಿ ಬಂದದ್ದು ಗಿಫ್ಟ್ ಅಲ್ಲ, ಆದಾಯ. ಬಿಲ್ಲುಗಳನ್ನೆಲ್ಲ ಇಟ್ಟುಕೊಂಡರೆ ಖರ್ಚು ಕಳೆದು ತೋರಿಸಬಹುದು. ಇನ್ನು ಹೊರದೇಶದಲ್ಲಿರುವ ನಮ್ಮವರ ಹತ್ತಿರ ಭಾರತದ ಪಾಸ್‌ಪೋರ್ಟ್ ಇದ್ದು, ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡವರ ದುಡ್ಡನ್ನು ದೇಣಿಗೆ ಅಂತ ತೆಗೆದುಕೊಂಡರೆ ವಿದೇಶಿ ದೇಣಿಗೆ ಕಾಯ್ದೆ ಬರುತ್ತದೆ, ಅಲ್ಲಿ ಒಬ್ಬ ಆಡಿಟರ್‌ನ ಕೇಳಿಯೇ ಮುಂದುವರಿಯಿರಿ.

ಕಿರುಚಿತ್ರ ಆದರೆ

ಅಂಚೆಯ ಗೋಳು ಇಲ್ಲ. ಲಿಂಕ್ ಕಳಿಸೋಕೆ, ಟೈಟಲ್ ಕಾರ್ಡ್‌ನಲ್ಲಿ ಹೆಸರು ಹಾಕೋಕೆ ಖರ್ಚು ಆಗೋದಿಲ್ಲ. ಹಾಗಾಗಿ ನೂರಕ್ಕೆ 70ರ ಬದಲು 85, 90 ಉಳಿಯಬಹುದು. ಆದರೆ ಪುಸ್ತಕಕ್ಕೆ ಹಸ್ತಪ್ರತಿ ಇರುತ್ತದೆ, ಚಿತ್ರಕ್ಕೆ ತೋರಿಸೋಕೆ ಏನೂ ಇರೋದಿಲ್ಲ. ಒಂದು ದೃಶ್ಯವನ್ನಾದರೂ ಕೈಯಿಂದ ದುಡ್ಡು ಹಾಕಿ ಶೂಟ್ ಮಾಡಿ, ಎರಡು ನಿಮಿಷ ತೋರಿಸಿ ಆಮೇಲೆ ಕೇಳಿ. ಲಿಂಕ್ ಯಾವಾಗ ಅನ್ನೋದನ್ನೂ ಯೋಚಿಸಿ ಹೇಳಿ: ಚಿತ್ರೋತ್ಸವಗಳಿಗೆ ಕಳಿಸುವ ಆಸೆ ಇದ್ದರೆ ಕೆಲವು ಕಡೆ ಮೊದಲೇ ಎಲ್ಲರಿಗೂ ತೋರಿಸಿದ ಚಿತ್ರ ತೆಗೆದುಕೊಳ್ಳೋದಿಲ್ಲ.

1976ರ "ಮಂಥನ್" ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಆ ಐದು ಲಕ್ಷ ಜನ ಆಗಲೇ ಸಹಕಾರ ಸಂಘಗಳಲ್ಲಿ ದಿನಾ ಹಾಲು ಹಾಕುತ್ತಿದ್ದವರು ಅನ್ನೋದನ್ನು ಬಿಟ್ಟುಬಿಡುತ್ತಾರೆ. ಗುಂಪು ಮೊದಲೇ ಇತ್ತು, ಚಿತ್ರ ಆಮೇಲೆ ಬಂತು.

ಕೊಟ್ಟ ಮಾತಿನ ತಾರೀಕು

ಇದು ನಮ್ಮ ಎರಡನೇ ತಪ್ಪು, ಮೊದಲನೆಯದಕ್ಕೂ ಇದೇ ಮೂಲ. ಕ್ಯಾಂಪೇನ್ ಶುರು ಮಾಡುವಾಗ ಎರಡು ಅಧ್ಯಾಯ ಬರೆದಿರಲಿಲ್ಲ. "ಯುಗಾದಿಗೆ ಪುಸ್ತಕ" ಅಂತ ಹೇಳಿಬಿಟ್ಟಿದ್ದೆವು. ಬರವಣಿಗೆ ಫೆಬ್ರವರಿ ತನಕ ಎಳೆಯಿತು. ಕರಡು ತಿದ್ದುವವರು ತಮ್ಮ ಕೆಲಸದಲ್ಲಿ ಸಿಕ್ಕಿಕೊಂಡರು. ಪ್ರೆಸ್‌ನಲ್ಲಿ ಮದುವೆ ಪತ್ರಿಕೆಗಳ ಸಾಲು ಇತ್ತು, ನಮ್ಮ ಸರದಿ ಹಿಂದಕ್ಕೆ ಹೋಯಿತು. ಏಪ್ರಿಲ್‌ನಲ್ಲಿ ಪಾಂಡವಪುರದ ಕಡೆಯ ಒಬ್ಬರು ಫೋನ್ ಮಾಡಿ, "ಏನಣ್ಣೋ, ಮುಯ್ಯಿ ಹಾಕಿ ಆರು ತಿಂಗ್ಳಾಯ್ತಲ್ಲ, ಊಟ ಯಾವಾಗ?" ಅಂದರು. ನಗುತ್ತಲೇ ಕೇಳಿದರು, ನನಗೆ ನಗು ಬರಲಿಲ್ಲ.

ಹಸ್ತಪ್ರತಿ ಪೂರ್ತಿ ಆಗಿ, ಒಂದು ಸುತ್ತು ಕರಡು ತಿದ್ದಿದ ಮೇಲೆಯೇ ದುಡ್ಡು ಕೇಳಿ. ಪ್ರೆಸ್‌ನವರು ಹೇಳಿದ ತಾರೀಕಿಗೆ ಎರಡು ತಿಂಗಳು ಸೇರಿಸಿ ಜನರಿಗೆ ಹೇಳಿ. ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್‌ಗೆ ದುಡ್ಡು ಬೇಡ, ಸರ್ಕಾರದ ಪೋರ್ಟಲ್‌ನಲ್ಲೇ ಸಿಗುತ್ತದೆ, ಆದರೆ ಅದಕ್ಕೂ ದಿನ ಹಿಡಿಯುತ್ತದೆ, ಮೊದಲೇ ಹಾಕಿ. ತಡ ಆಗುತ್ತದೆ ಅಂತ ಗೊತ್ತಾದ ದಿನವೇ ಎಲ್ಲರಿಗೂ ಹೇಳಿ. ನಾವು ಮಾರ್ಚ್ ಪೂರ್ತಿ ಸುಮ್ಮನಿದ್ದೆವು, ನಾಲ್ಕು ಜನ ದುಡ್ಡು ವಾಪಸ್ ಕೇಳಿದ್ದು ಆ ತಿಂಗಳಲ್ಲೇ. ತಡದ ಕಾರಣ ಬರೆದು ಕಳಿಸಿದ ಮೇಲೆ ಅವರಲ್ಲಿ ಮೂವರು "ಪರವಾಗಿಲ್ಲ, ಕಾಯ್ತೀವಿ" ಅಂದರು. ಇನ್ನೊಬ್ಬರು ಪ್ರೆಸ್‌ನಿಂದ ಪುಸ್ತಕದ ಫೋಟೊ ಬಂದ ಮೇಲೆ ಒಪ್ಪಿದರು.

ಒಟ್ಟು 1,28,000 ಬಂತು. ಕಳಿಸುವ ಖರ್ಚೆಲ್ಲ ಕಳೆದು ಸುಮಾರು 92,000 ಉಳಿಯಿತು. ನೂರಕ್ಕೆ 72. ಅಂದಾಜು ಹತ್ತಿರವೇ ಇತ್ತು. ದುಡ್ಡು ಕೊಟ್ಟವರ ಲೆಕ್ಕದಲ್ಲಿ 252 ಪ್ರತಿ ಹೋದವು, ಹಾಳಾದವಕ್ಕೆ ಬದಲಿ ಕಳಿಸಿದ್ದು ಬಿಟ್ಟು ಮಿಕ್ಕವು ಮಾರೋಕೆ ಉಳಿದವು. ಕಳಿಸುವ ಹಿಂದಿನ ವಾರ ಎಲ್ಲರ ವಿಳಾಸವನ್ನೂ ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ. ನಾವು ನವೆಂಬರ್‌ನಲ್ಲಿ ತೆಗೆದುಕೊಂಡ ವಿಳಾಸಕ್ಕೇ ಜೂನ್‌ನಲ್ಲಿ ಕಳಿಸಿದೆವು, ಏಳು ಪ್ಯಾಕೆಟ್ ವಾಪಸ್ ಬಂದವು. ಐದು ಜನ ಬಾಡಿಗೆ ಮನೆ ಬದಲಿಸಿದ್ದರು, ಒಬ್ಬರು ಪಿನ್‌ಕೋಡ್ ಹಾಕಿರಲಿಲ್ಲ. ಇನ್ನೊಬ್ಬರು ಬರೆದ ವಿಳಾಸ "ಬಸ್ ಸ್ಟ್ಯಾಂಡ್ ಎದುರು, ಮದ್ದೂರು" ಅಂತ ಅಷ್ಟೇ.